ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಮೈದಾ, ಐಸ್: ಇವು ನಿಜಕ್ಕೂ ಕೆಲಸ ಮಾಡುತ್ತವೆಯೇ?

ಕೈ ಸುಟ್ಟರೆ ತಕ್ಷಣ ಮೈದಾ ಹಿಟ್ಟಿನಲ್ಲಿ ಅದ್ದಿ, ಬೊಬ್ಬೆ ಏಳುವುದಿಲ್ಲ, ಕಲೆಯೂ ಉಳಿಯುವುದಿಲ್ಲ ಎನ್ನುವ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಇನ್ನೊಂದರಲ್ಲಿ ಮೊಟ್ಟೆಯ ಬಿಳಿ ಲೋಳೆ, ಮತ್ತೊಂದರಲ್ಲಿ ಟೂತ್‌ಪೇಸ್ಟ್. ಇವುಗಳಲ್ಲಿ ಯಾವುದೂ ನಲ್ಲಿ ನೀರಿಗೆ ಸಮವಲ್ಲ. ಯಾಕೆಂದು ನೋಡೋಣ.

ಒಗ್ಗರಣೆ ಹಾಕುವಾಗ ಬಿಸಿ ಎಣ್ಣೆ ಚಿಮ್ಮಿ, ಮುಂಗೈ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿದೆ ಎಂದುಕೊಳ್ಳಿ. ಎಣ್ಣೆ ಒರೆಸಿದರೂ ಚರ್ಮದೊಳಗೆ ಸೇರಿದ ಬಿಸಿ ಅಲ್ಲೇ ಇರುತ್ತದೆ, ಒಳಪದರಗಳನ್ನು ಸುಡುತ್ತಲೇ ಇರುತ್ತದೆ. ಆ ಬಿಸಿಯನ್ನು ಹೊರಗೆ ಎಳೆಯುವುದೇ ಮೊದಲ ಕೆಲಸ. ಕೈಯನ್ನು ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಉರಿ ಕಡಿಮೆಯಾಯಿತೆಂದು ಎರಡೇ ನಿಮಿಷಕ್ಕೆ ತೆಗೆಯುವುದೇ ಹೆಚ್ಚಿನವರು ಮಾಡುವ ತಪ್ಪು. ಬಳೆ, ಉಂಗುರ, ವಾಚನ್ನು ಕೂಡಲೇ ಬಿಚ್ಚಿ, ಊದಿಕೊಂಡ ಮೇಲೆ ಅವು ಹೊರಬರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಮೇಲಿನ ಟ್ಯಾಂಕಿನ ನೀರೇ ಬಿಸಿ ಇದ್ದರೆ ಕೊಡದ ನೀರನ್ನು ಚೊಂಬಿನಲ್ಲಿ ಸುರಿಯುತ್ತಿರಿ. ಆಗಲೇ ನೀರು ಹಾಕಲಾಗದಿದ್ದರೂ ಮೂರು ಗಂಟೆಯೊಳಗೆ ಹಾಕಿದರೆ ಪ್ರಯೋಜನವಿದೆ.

ಹಾಗಾದರೆ ಐಸ್ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಅತಿಯಾದ ತಂಪಿಗೆ ರಕ್ತನಾಳಗಳು ಕುಗ್ಗಿ, ಮೊದಲೇ ನೊಂದ ಜಾಗಕ್ಕೆ ರಕ್ತ ಸಿಗದೆ ಗಾಯ ಇನ್ನಷ್ಟು ಆಳವಾಗಬಹುದು.

ಟೂತ್‌ಪೇಸ್ಟ್ ಹಚ್ಚಿದಾಗ ತಂಪೆನಿಸುವುದು ಸುಳ್ಳಲ್ಲ. ಅದು ಅದರಲ್ಲಿರುವ ಪುದೀನ ಸಾರದ ಆಟ, ಚರ್ಮದ ಬಿಸಿ ಹಾಗೆಯೇ ಇರುತ್ತದೆ. ತುಪ್ಪ, ಬೆಣ್ಣೆಯ ಜಿಡ್ಡಿನ ಪದರ ಆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಮೈದಾ ಗಾಯಕ್ಕೆ ಮೆತ್ತಿಕೊಂಡು ತೊಳೆಯುವಾಗ ಚರ್ಮವನ್ನೇ ಕೀಳಬಹುದು, ಹಸಿ ಮೊಟ್ಟೆಯಿಂದ ಸೋಂಕು ತಗಲಬಹುದು. ಅರಿಶಿನ ಅಜ್ಜಿಯ ಕಾಲದ ಮದ್ದು ನಿಜ, ಆದರೆ ಅಡುಗೆಮನೆ ಡಬ್ಬಿಯ ಪುಡಿ ಶುದ್ಧವಲ್ಲ. ಜೊತೆಗೆ ಅದರ ಬಣ್ಣದಡಿ ಗಾಯ ಎಷ್ಟು ಆಳವಾಗಿದೆ ಎಂದು ವೈದ್ಯರಿಗೂ ಕಾಣುವುದಿಲ್ಲ.

ನೀರಿನ ನಂತರ ನೂಲು ಬಿಡದ ಶುಭ್ರ ಬಟ್ಟೆಯನ್ನು ಸಡಿಲವಾಗಿ ಮುಚ್ಚಿದರೆ ಸಾಕು, ಹತ್ತಿ ಬೇಡ, ಅದು ಅಂಟಿಕೊಳ್ಳುತ್ತದೆ. ಬೊಬ್ಬೆ ಎದ್ದರೆ ಒಡೆಯಬೇಡಿ, ಅದರ ಮೇಲಿನ ಚರ್ಮವೇ ಸೋಂಕು ತಡೆಯುವ ಹೊದಿಕೆ.

ಇಷ್ಟೇ ಸಾಕೆನ್ನುವುದು ಸಣ್ಣ ಗಾಯಕ್ಕೆ ಮಾತ್ರ. ಗಾಯ ಸುಟ್ಟವರ ಅಂಗೈಗಿಂತ ದೊಡ್ಡದಿದ್ದರೆ, ಮುಖ ಅಥವಾ ಕೀಲುಗಳ ಮೇಲಿದ್ದರೆ, ಬೆರಳುಗಳಲ್ಲಿ ಬೊಬ್ಬೆ ಎದ್ದರೆ, ವಿದ್ಯುತ್ ಅಥವಾ ಆ್ಯಸಿಡ್‌ನಿಂದ ಆಗಿದ್ದರೆ, ಸುಟ್ಟದ್ದು ಪುಟ್ಟ ಮಗುವಿಗಾದರೆ ಆಸ್ಪತ್ರೆಗೆ ಹೋಗಿ. ಸುಟ್ಟ ಜಾಗ ಬೆಳ್ಳಗೆ ಅಥವಾ ಕಪ್ಪಾಗಿದ್ದು ನೋವೇ ಇಲ್ಲವೆಂದರೆ ಸಮಾಧಾನಪಡಬೇಡಿ, ಅಲ್ಲಿ ನೋವು ತಿಳಿಸುವ ನರಗಳೇ ಸುಟ್ಟಿರಬಹುದು.