‘ರಿವರ್’ಗೆ ಪ್ರಸ್ತಾರ ಹಾಕಬೇಡಿ

ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಯಲ್ಲಿ ಪದ್ಯದ ಸಾಲು ಕೊಟ್ಟು ಛಂದಸ್ಸು ಗುರುತಿಸಿ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗೆ ನಮ್ಮ ಹುಡುಗರು ಬರೆಯುವ ಉತ್ತರಗಳಲ್ಲಿ ಬಹುಪಾಲು ಓದದೆ ಬರೆದ ಉತ್ತರಗಳು. ಸಾಲನ್ನು ಹತ್ತು ತುಂಡು ಮಾಡು, ಎಡದಿಂದ ಶುರುಮಾಡಿ ಒಂದು ಸಣ್ಣದು ಒಂದು ದೊಡ್ಡದು ಎಂದು ಐದು ಸಲ ಗುರುತು ಹಾಕು, ಎರಡೆರಡಕ್ಕೊಂದು ಗೆರೆ ಎಳೆ, ಕೆಳಗೆ ‘ಅಯಾಂಬಿಕ್ ಪೆಂಟಾಮೀಟರ್’ ಎಂದು ಬರೆ. ಅಂಕ ಬರುತ್ತದೆ. ಗೈಡುಗಳು ಇದನ್ನೇ ಹೇಳಿಕೊಡುತ್ತವೆ, ಎಷ್ಟೋ ತರಗತಿಗಳಲ್ಲೂ ಇಷ್ಟನ್ನೇ ಹೇಳಿಕೊಡುತ್ತಾರೆ. ಇದು ಕಲಿಸುವುದಲ್ಲ, ಕಲಿಯದಂತೆ ತಡೆಯುವುದು ಎಂಬುದು ನನ್ನ ತಕರಾರು.

ನಾನಿರುವುದು ಬೀಚನಹಳ್ಳಿಯಲ್ಲಿ, ಕಬಿನಿ ಅಣೆಕಟ್ಟಿನ ಊರು. ಕೋಟೆಗೂ ಮೈಸೂರಿಗೂ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವ ಬಿ.ಎ. ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಪದ್ಯ ಓದಿಸುತ್ತೇನೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರೇ ಹೆಚ್ಚು. ಇವರಿಗೆ ಛಂದಸ್ಸು ಹೊಸದಲ್ಲ. ‘ಯಮಾತಾರಾಜಭಾನಸಲಗಂ’ ಬಾಯಿಗೆ ಬಂದಿರುತ್ತದೆ. ಕಂದಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಅಂದರೆ ಐದು ನಿಮಿಷದಲ್ಲಿ ಮುಗಿಸುತ್ತಾರೆ. ಅಂಥವರು ಇಂಗ್ಲಿಷ್ ಸಾಲಿನ ಮುಂದೆ ಯಾಕೆ ತಡವರಿಸುತ್ತಾರೆ? ಅವರಿಗೆ ತಿಳಿದ ವಿದ್ಯೆಗೂ ಇದಕ್ಕೂ ಇರುವ ಒಂದೇ ಒಂದು ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ, ಅದಕ್ಕೆ.

ಕನ್ನಡದ ಛಂದಸ್ಸು ಅಳೆಯುವುದು ಕಾಲವನ್ನು. ಒಂದು ಮಾತ್ರೆಯ ಕಾಲ ಹಿಡಿದರೆ ಲಘು, ಎರಡು ಮಾತ್ರೆಯ ಕಾಲ ಹಿಡಿದರೆ ಗುರು. ಕನ್ನಡದ ಕಿವಿಗೆ ಇದು ಸಹಜ, ಏಕೆಂದರೆ ಉದ್ದ ಬದಲಾದರೆ ನಮ್ಮಲ್ಲಿ ಅರ್ಥವೇ ಬದಲಾಗುತ್ತದೆ. ಬಳೆ ಬೇರೆ, ಬಾಳೆ ಬೇರೆ. ಇಂಗ್ಲಿಷ್ ಛಂದಸ್ಸು ಅಳೆಯುವುದು ಒತ್ತನ್ನು. ಒತ್ತಕ್ಷರದ ಒತ್ತಲ್ಲ, ಒಂದು ಪದದೊಳಗೆ ಯಾವ ಸಿಲಬಲ್ಲನ್ನು ದನಿ ಎತ್ತಿ, ಬಲಕೊಟ್ಟು ಹೇಳುತ್ತೇವೆ ಎಂಬ ಒತ್ತು. ‘ರೆಕಾರ್ಡ್’ ಪದವನ್ನೇ ನೋಡಿ. ಇಂಗ್ಲಿಷರ ಬಾಯಲ್ಲಿ ‘ದಾಖಲೆ’ ಎಂಬ ಅರ್ಥಕ್ಕೆ ಬಲ ಬೀಳುವುದು ‘ರೆ’ ಮೇಲೆ, ‘ದಾಖಲಿಸು’ ಎಂಬ ಅರ್ಥಕ್ಕೆ ‘ಕಾರ್ಡ್’ ಮೇಲೆ. ತಾಲ್ಲೂಕು ಕಚೇರಿಯಲ್ಲಿ ನಾವು ಎರಡನ್ನೂ ಒಂದೇ ಥರ ಹೇಳಿ ಕೆಲಸ ಮುಗಿಸುತ್ತೇವೆ. ಕನ್ನಡದಲ್ಲಿ ಒತ್ತು ಬದಲಾಯಿಸಿದರೆ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಗೊಂದಲವನ್ನು ಹೆಚ್ಚಿಸಿರುವುದು ಹೆಸರು ಮತ್ತು ಗುರುತು. ‘ಅಯಾಂಬ್’ ಎಂಬುದು ಗ್ರೀಕರಿಂದ ಬಂದ ಹೆಸರು. ಗ್ರೀಕ್, ಲ್ಯಾಟಿನ್ ಪದ್ಯಗಳಲ್ಲಿ ಅದು ನಿಜವಾಗಿಯೂ ಹ್ರಸ್ವ-ದೀರ್ಘವೇ ಆಗಿತ್ತು, ನಮ್ಮ ‘ಲಗ’ದ ಹಾಗೆ. ಇಂಗ್ಲಿಷಿನವರು ಆ ಹೆಸರನ್ನು ಉಳಿಸಿಕೊಂಡು ಒಳಗಿನ ಸರಕನ್ನು ಬದಲಾಯಿಸಿದರು. ಉದ್ದದ ಜಾಗಕ್ಕೆ ಒತ್ತು ಬಂತು. ಹೆಸರಿನ ಜೊತೆಗೆ ಗುರುತೂ ಉಳಿಯಿತು. ನಾವು ಲಘುವಿಗೆ ಹಾಕುವ ಬಟ್ಟಲಿನಾಕಾರದ ಗುರುತನ್ನೇ ಇಂಗ್ಲಿಷ್ ನೋಟ್ಸಿನಲ್ಲಿ ಒತ್ತಿಲ್ಲದ ಸಿಲಬಲ್ಲಿಗೆ ಹಾಕಿರುತ್ತಾರೆ. ಹಿಂದಿನ ವರ್ಷಗಳಲ್ಲೆಲ್ಲ ಅದನ್ನು ‘ಒಂದು ಮಾತ್ರೆ’ ಎಂದು ಓದಿಕೊಂಡು ಬಂದ ಹುಡುಗಿ ಇಲ್ಲೂ ಹಾಗೆಯೇ ಓದಿದರೆ ತಪ್ಪು ಅವಳದೇ? ಕೆಲವು ಗೈಡುಗಳಂತೂ ಅಯಾಂಬ್ ಅಂದರೆ ‘ಹ್ರಸ್ವ-ದೀರ್ಘ’ ಎಂದೇ ಬರೆದು ಅವಳನ್ನು ಇನ್ನಷ್ಟು ಆಳದ ಹಳ್ಳಕ್ಕೆ ತಳ್ಳುತ್ತವೆ.

ಒಂದು ಸಾಲನ್ನು ತೆಗೆದುಕೊಂಡೇ ನೋಡೋಣ. ಇದು ಯಾವ ಕವಿಯದೂ ಅಲ್ಲ, ಪಾಠಕ್ಕೆಂದು ನಮ್ಮೂರಿನ ಹೊಳೆಯನ್ನು ನೋಡಿಕೊಂಡು ನಾನೇ ಕಟ್ಟಿದ್ದು:

ಸೈಲೆಂಟ್ ದ ರಿವರ್ ವೇಟ್ಸ್ ಬಿಹೈಂಡ್ ದ ವಾಲ್.

ಗೋಡೆಯ ಹಿಂದೆ ಹೊಳೆ ಮೌನವಾಗಿ ಕಾಯುತ್ತಿದೆ ಎಂದರ್ಥ. ಮೊದಲು ಕನ್ನಡದ ಲೆಕ್ಕದಲ್ಲಿ ಪ್ರಸ್ತಾರ ಹಾಕಿ. ‘ಸೈ’ ಗುರು, ‘ಲೆಂಟ್’ ಗುರು, ‘ದ’ ಲಘು, ‘ರಿ’ ಲಘು, ‘ವರ್’ ಗುರು, ‘ವೇಟ್ಸ್’ ಗುರು. ಅಲ್ಲಿಂದ ಮುಂದೆ ‘ಬಿಹೈಂಡ್’ ಲಘು-ಗುರು, ‘ದ ವಾಲ್’ ಲಘು-ಗುರು. ಕೊನೆಯ ನಾಲ್ಕು ಸಿಲಬಲ್ ಅಯಾಂಬಿಗೆ ಸರಿಯಾಗಿ ಹೊಂದಿಬಿಟ್ಟವು! ಮೋಸ ಇರುವುದೇ ಇಲ್ಲಿ. ಅಲ್ಲಲ್ಲಿ ಕಾಕತಾಳೀಯವಾಗಿ ಹೊಂದುವುದರಿಂದ ವಿಧಾನವೇ ಸರಿ ಎಂಬ ಭ್ರಮೆ ಹುಟ್ಟುತ್ತದೆ. ಆದರೆ ‘ರಿವರ್’ ನೋಡಿ. ನಮ್ಮ ಲೆಕ್ಕದಲ್ಲಿ ‘ರಿ’ ಹಗುರ, ‘ವರ್’ ಭಾರ. ಇಂಗ್ಲಿಷಿನಲ್ಲಿ ತದ್ವಿರುದ್ಧ, ‘ರಿ’ ಎಷ್ಟು ಗಿಡ್ಡವಾದರೂ ಬಲವೆಲ್ಲ ಅದರದೇ, ‘ವರ್’ ಬಾಲದಂತೆ ಹಿಂದೆ ಬರುತ್ತದೆ. ಗಿಡ್ಡ ಸಿಲಬಲ್ಲೂ ಒತ್ತು ಪಡೆಯಬಹುದು ಎಂಬ ಈ ಒಂದು ಸಂಗತಿ ತಲೆಗೆ ಹೋದರೆ ಅರ್ಧ ಪಾಠ ಮುಗಿದಂತೆ.

ಈಗ ಸರಿಯಾದ ಕ್ರಮ. ಮೊದಲು ಸಿಲಬಲ್ ಎಣಿಸಬೇಕು, ಸ್ಪೆಲ್ಲಿಂಗಿನ ಅಕ್ಷರಗಳನ್ನಲ್ಲ, ಕಿವಿಗೆ ಕೇಳುವ ಸ್ವರಗಳನ್ನು. ನಮ್ಮ ಸಾಲಿನಲ್ಲಿ ಹತ್ತು. ಎರಡನೆಯದಾಗಿ, ಒಂದಕ್ಕಿಂತ ಹೆಚ್ಚು ಸಿಲಬಲ್ ಇರುವ ಪದಗಳನ್ನು ಮಾತ್ರ ಆರಿಸಿಕೊಂಡು ಅವುಗಳ ಒತ್ತನ್ನು ಗುರುತಿಸಬೇಕು. ಇದಕ್ಕೆ ಹುಟ್ಟಿನಿಂದ ಇಂಗ್ಲಿಷ್ ಕೇಳಿರಬೇಕಾಗಿಲ್ಲ. ಉಚ್ಚಾರಣೆ ಕೊಡುವ ನಿಘಂಟುಗಳಲ್ಲಿ ಒತ್ತಿನ ಸಿಲಬಲ್ಲಿನ ಮುಂದೆ ಮೇಲುಗಡೆ ಒಂದು ಪುಟ್ಟ ನೆಟ್ಟಗೆರೆ ಇರುತ್ತದೆ. ‘ಸೈಲೆಂಟ್’ಗೆ ಅದು ‘ಸೈ’ ಮುಂದೆ, ‘ರಿವರ್’ಗೆ ‘ರಿ’ ಮುಂದೆ, ‘ಬಿಹೈಂಡ್’ಗೆ ‘ಹೈಂಡ್’ ಮುಂದೆ. ಈ ಮೂರು ಒತ್ತುಗಳು ಕದಲುವಂಥವಲ್ಲ. ಮೂರನೆಯದಾಗಿ ಒಂಟಿ ಸಿಲಬಲ್ಲಿನ ಪದಗಳು. ‘ವೇಟ್ಸ್’, ‘ವಾಲ್’ ಅರ್ಥ ಹೊತ್ತ ಪದಗಳು, ಸಾಮಾನ್ಯವಾಗಿ ಇಂಥವಕ್ಕೆ ಒತ್ತುಂಟು. ‘ದ’ ಬರೀ ಜೋಡಿಸುವ ಪದ, ಒತ್ತಿಲ್ಲ. ಇಷ್ಟಾದ ಮೇಲೆಯೇ, ನಾಲ್ಕನೆಯದಾಗಿ, ಎರಡೆರಡಕ್ಕೆ ಗೆರೆ ಎಳೆಯಬೇಕು:

ಸೈ-ಲೆಂಟ್ | ದ ರಿ | ವರ್ ವೇಟ್ಸ್ | ಬಿ-ಹೈಂಡ್ | ದ ವಾಲ್

‘ರಿವರ್’ ಎರಡು ಹೋಳಾಯಿತಲ್ಲ ಎಂದು ಗಾಬರಿ ಬೇಡ. ನಮ್ಮ ಗಣಗಳೂ ಪದವನ್ನು ಹೀಗೆಯೇ ಸೀಳಿಕೊಂಡು ಹೋಗುತ್ತವೆ. ಎರಡರಿಂದ ಐದರವರೆಗಿನ ನಾಲ್ಕು ಫುಟ್‌ಗಳಲ್ಲಿ ಮೊದಲು ಹಗುರ, ಆಮೇಲೆ ಬಲ, ಅವು ಅಯಾಂಬ್. ಮೊದಲ ಫುಟ್ ಮಾತ್ರ ತಿರುಗುಮುರುಗು, ಬಲ ಮುಂದೆ, ಹಗುರ ಹಿಂದೆ. ಅದಕ್ಕೆ ಟ್ರೋಕಿ ಎಂದು ಹೆಸರು. ಉತ್ತರ ಹೀಗಿರಬೇಕು: ಸಾಲು ಅಯಾಂಬಿಕ್ ಪೆಂಟಾಮೀಟರ್, ಮೊದಲ ಫುಟ್‌ನಲ್ಲಿ ಅಯಾಂಬಿನ ಬದಲು ಟ್ರೋಕಿ ಬಂದಿದೆ. ಒಂದು ಫುಟ್ ತಿರುಗಿದ್ದಕ್ಕೆ ಸಾಲಿನ ಹೆಸರು ಬದಲಾಗುವುದಿಲ್ಲ. ಸಾಲಿನ ಆರಂಭದಲ್ಲಿ ಹೀಗೆ ತಿರುಗಿಸುವುದು ಶೇಕ್ಸ್‌ಪಿಯರನಲ್ಲೂ ಮಿಲ್ಟನ್ನನಲ್ಲೂ ಧಾರಾಳವಾಗಿ ಸಿಗುತ್ತದೆ. ಅದು ದೋಷವಲ್ಲ, ರೂಢಿ.

ಗೈಡಿನ ಸೂತ್ರದಂತೆ ಎಡದಿಂದ ಗುರುತು ಹಾಕಿದವನು ಇಲ್ಲಿ ಏನು ಬರೆಯುತ್ತಾನೆ? ‘ಲೆಂಟ್’ ಮೇಲೆ ಒತ್ತು ಹಾಕುತ್ತಾನೆ. ಹಾಗೆ ಗಟ್ಟಿಯಾಗಿ ಓದಲು ಹೇಳಿ, ‘ಸೈಲೆಂಟ್’ ಎಂಬ ಪದವನ್ನು ಯಾರೂ ಹೇಳದ ರೀತಿಯಲ್ಲಿ ಹೇಳಬೇಕಾಗುತ್ತದೆ. ತಪ್ಪು ಹಿಡಿಯುವ ಉಪಾಯ ಇದೇ. ನೀವು ಹಾಕಿದ ಗುರುತು ನಿಘಂಟಿನ ಜೊತೆ ಜಗಳಕ್ಕೆ ನಿಂತರೆ ಸೋಲಬೇಕಾದದ್ದು ಗುರುತು, ನಿಘಂಟಲ್ಲ.

ಹತ್ತೇ ಸಿಲಬಲ್ ಎಂಬ ಹಟವೂ ಇಷ್ಟೇ ಕುರುಡು. ಇನ್ನೊಂದು ಸಾಲು ಕಟ್ಟಿಕೊಳ್ಳಿ: ‘ದ ಫಾರ್ಮರ್ಸ್ ಆಸ್ಕ್ ದ ಡ್ಯಾಮ್ ಟು ಲೆಂಡ್ ದೆಮ್ ವಾಟರ್.’ ಎಣಿಸಿದರೆ ಹನ್ನೊಂದು. ಸೂತ್ರದ ಹುಡುಗ ಒಂದು ಸಿಲಬಲ್ಲನ್ನು ನುಂಗುತ್ತಾನೆ, ಇಲ್ಲವೆ ಆರನೆಯ ಫುಟ್ ಒಂದನ್ನು ಹುಟ್ಟಿಸುತ್ತಾನೆ. ಒತ್ತುಗಳನ್ನು ಎಣಿಸಿದವಳಿಗೆ ಕಷ್ಟವಿಲ್ಲ: ಫಾರ್, ಆಸ್ಕ್, ಡ್ಯಾಮ್, ಲೆಂಡ್, ವಾ. ಐದೇ. ಕೊನೆಯ ‘ಟರ್’ ಒತ್ತಿಲ್ಲದ ಹೆಚ್ಚುವರಿ ಸಿಲಬಲ್, ಐದನೆಯ ಫುಟ್‌ಗೇ ಅಂಟಿಕೊಂಡದ್ದು. ಅದನ್ನು ಫೆಮಿನಿನ್ ಎಂಡಿಂಗ್ ಎನ್ನುತ್ತಾರೆ. ಸಾಲು ಪೆಂಟಾಮೀಟರೇ.

ಇದಕ್ಕೆ ಒಂದು ಉತ್ತರ ನನಗೆ ಗೊತ್ತು. ‘ಹಳ್ಳಿ ಮಕ್ಕಳ ಕಿವಿಗೆ ಒತ್ತು ಕೇಳುವುದಿಲ್ಲ ಸಾರ್, ಸೂತ್ರ ಕೊಟ್ಟರೆ ಪಾಸಾದರೂ ಆಗುತ್ತಾರೆ’ ಎನ್ನುತ್ತಾರೆ. ಕನಿಕರದ ವೇಷದಲ್ಲಿರುವ ತಾತ್ಸಾರ ಇದು. ಕಾನ್ವೆಂಟಿನ ಹುಡುಗನಿಗೆ ನಿಯಮ ಹೇಳದಿದ್ದರೂ ನಡೆದೀತು, ಒತ್ತು ಎಲ್ಲಿ ಬೀಳುತ್ತದೆಂದು ಅವನು ಕೇಳಿ ಕೇಳಿ ಬಲ್ಲ. ನಿಯಮ ಬೇಕಾಗಿರುವುದೇ ಕೇಳದೆ ಬೆಳೆದವಳಿಗೆ. ಅವಳಿಗೆ ಅದನ್ನು ಬಚ್ಚಿಟ್ಟು, ಆಮೇಲೆ ‘ಇವಳಿಗೆ ಇಂಗ್ಲಿಷ್ ಲಯ ಹತ್ತುವುದಿಲ್ಲ’ ಎಂದು ತೀರ್ಪು ಕೊಡುವುದು ಯಾವ ನ್ಯಾಯ? ನಿಘಂಟಿನ ಆ ಪುಟ್ಟ ಗೆರೆ ಮಂಡ್ಯಕ್ಕೂ ಮ್ಯಾಂಚೆಸ್ಟರಿಗೂ ಒಂದೇ.

ಇನ್ನು ಕೆಲವರು ಕನ್ನಡ ಛಂದಸ್ಸನ್ನೇ ಅಡ್ಡಿ ಎನ್ನುತ್ತಾರೆ. ಅದೂ ಸುಳ್ಳು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಮಾಡುವಾಗ ಅಯಾಂಬಿಗೆ ಲಘು-ಗುರು ಜೋಡಿಸುತ್ತ ಕೂರಲಿಲ್ಲ; ಮಾತ್ರಾಗಣಗಳ ನಡಿಗೆಯಲ್ಲಿ ಕನ್ನಡಕ್ಕೆ ಹೊಂದುವ ಲಯ ಹುಡುಕಿದರು. ಪ್ರಾಸವಿಲ್ಲದ ಅಯಾಂಬಿಕ್ ಪೆಂಟಾಮೀಟರಿಗೆ, ಅಂದರೆ ಬ್ಲಾಂಕ್ ವರ್ಸಿಗೆ, ಕನ್ನಡದಲ್ಲಿ ಜೊತೆಯಾಗಿ ನಿಂತದ್ದು ಸರಳ ರಗಳೆ: ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಐದು ‘ಲಗ’ಗಳ ಸಾಲಲ್ಲ. ಎರಡು ಭಾಷೆಗಳ ಅಳತೆಗೋಲು ಬೇರೆ ಎಂಬುದು ಆ ತಲೆಮಾರಿಗೆ ಸ್ಪಷ್ಟವಿತ್ತು, ಎರಡನ್ನೂ ಬಲ್ಲವರಾದ್ದರಿಂದಲೇ ಸ್ಪಷ್ಟವಿತ್ತು. ನಮ್ಮ ಮಕ್ಕಳೂ ಒಂದನ್ನು ಆಗಲೇ ಬಲ್ಲರು. ‘ಅಲ್ಲಿ ಕಾಲ, ಇಲ್ಲಿ ಒತ್ತು’ ಎಂದು ಮೊದಲ ದಿನವೇ ಹೇಳಿದರೆ ಮಿಕ್ಕ ವಿದ್ಯೆಯೆಲ್ಲ, ಬಿಡಿಸುವುದು, ಎಣಿಸುವುದು, ಗೆರೆ ಎಳೆಯುವುದು, ಅವರ ಕೈಯಲ್ಲೇ ಇದೆ.

ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನದೊಂದು ಒತ್ತಾಯ. ಐದೂ ಫುಟ್ ನೆಟ್ಟಗಿರುವ ಸಾಲನ್ನು ಕೊಡಬೇಡಿ. ಅದಕ್ಕೆ ಓದದವನೂ ಸರಿಯುತ್ತರ ಬರೆಯುತ್ತಾನೆ, ಓದಿದವಳೂ ಅದನ್ನೇ ಬರೆಯುತ್ತಾಳೆ. ಒಂದಾದರೂ ಫುಟ್ ತಿರುಗಿದ ಸಾಲನ್ನು ಕೊಡಿ. ಛಂದಸ್ಸಿನ ಹೆಸರಿಗೆ ಒಂದು ಅಂಕ ಸಾಕು. ತಿರುಗಿದ ಫುಟ್ ಯಾವುದು, ಅದು ಹೇಗೆ ಗೊತ್ತಾಯಿತು ಎಂದು ಬರೆದದ್ದಕ್ಕೆ ಉಳಿದ ಅಂಕ ಇಡಿ. ಗೈಡಿನ ಸೂತ್ರ ಮಾರನೆಯ ವರ್ಷವೇ ರದ್ದಿಯಂಗಡಿ ಸೇರುತ್ತದೆ.