ಬಂಗುಡೆ ತಿಂದು ಮೈ ಕೆಂಪಾದರೆ ಅಲರ್ಜಿಯೇ?

ಕರಾವಳಿಯಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಆಲೂರಿಗೆ ಬಂದ ಬಂಗುಡೆ ತಿಂದ ಅರ್ಧ ಗಂಟೆಯಲ್ಲೇ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಗುಟ್ಟಿ, ಮೈಮೇಲೆ ದದ್ದು ಎದ್ದರೆ ‘ಮೀನು ನಮಗೆ ಆಗಿಬರುವುದಿಲ್ಲ’ ಎನ್ನುವವರುಂಟು. ಆದರೆ ಅದೇ ಸಾರು ಉಂಡ ಮೂವರಿಗೂ ಒಟ್ಟಿಗೆ ಹೀಗಾದರೆ, ಅಲರ್ಜಿಗಿಂತ ಹಿಸ್ಟಮಿನ್ ವಿಷವನ್ನೇ ಮೊದಲು ಶಂಕಿಸಬೇಕು.

ಬಂಗುಡೆ, ಟ್ಯೂನಾಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಸತ್ತ ಮೀನು ತಂಪಿಲ್ಲದೆ ಉಳಿದರೆ ಕಿವಿರು, ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಾದಾಗ ನಮ್ಮ ದೇಹ ಬಿಡುಗಡೆ ಮಾಡುವುದೂ ಇದೇ ವಸ್ತುವನ್ನು. ಲಕ್ಷಣಗಳು ಹೋಲುವುದು ಅದಕ್ಕೇ.

ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಹಿಸ್ಟಮಿನ್ ಮಾತ್ರ ಉಳಿಯುತ್ತದೆ. ಹುರಿದರೂ, ಹುಳಿ ಹಿಂಡಿದರೂ, ಫ್ರಿಜ್ಜಿನಲ್ಲಿಟ್ಟರೂ ಹೋಗದು. ಕೆಟ್ಟ ವಾಸನೆಯಿಲ್ಲದ ಮೀನಿನಲ್ಲೂ ಇರಬಹುದು. ಬಾಯಿ ಚುರುಗುಟ್ಟುವುದು ಒಂದು ಸೂಚನೆ. ನಮ್ಮ ಖಾರದ ಸಾರಿನಲ್ಲಿ ಅದು ತಿಳಿಯುವುದಾದರೂ ಹೇಗೆ?

ಆದ್ದರಿಂದ ಅಡುಗೆ ಮಾಡಿದವರನ್ನು ದೂರುವುದು ನ್ಯಾಯವಲ್ಲ. ದೋಣಿಯಿಂದ ಅಂಗಡಿಯವರೆಗೆ ಮೀನು 4 ಡಿಗ್ರಿ ಸೆಲ್ಸಿಯಸ್‌ ಮೀರದಂತೆ ಮಂಜುಗಡ್ಡೆಯಲ್ಲಿರಬೇಕು. ಘಾಟಿಯಲ್ಲಿ ಲಾರಿ ತಡೆದು ನಿಂತ ದಿನ ಮಂಜುಗಡ್ಡೆ ಕರಗಿದ ಪೆಟ್ಟಿಗೆಯ ಬಂಗುಡೆ ಅಗ್ಗವಾದರೂ ಬೇಡ. ಕೊಂಡ ಮೀನನ್ನು ಕೂಡಲೇ ಶುಚಿಮಾಡಿ ತಂಪಿನಲ್ಲಿಡಿ.

ತೊಂದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ವೈದ್ಯರು ಕೊಡುವ ಹಿಸ್ಟಮಿನ್ ನಿರೋಧಕ ಮಾತ್ರೆ ಬೇಗ ಶಮನ ನೀಡುತ್ತದೆ. ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಯಾವ ಮೀನು, ಯಾರ್‍ಯಾರು ತಿಂದರು ಎಂಬುದನ್ನು ವೈದ್ಯರಿಗೆ ತಿಳಿಸಿ. ಅದು ಅಲರ್ಜಿಯೋ ಅಲ್ಲವೋ ಎಂದು ಅವರು ನಿರ್ಧರಿಸಲಿ.