ವಾಕ್ಯ ತಿದ್ದುವ ಮೊದಲು ಪ್ಯಾರಾಗಳ ಹಾಜರಿ ತೆಗೆಯಿರಿ

ನಮಗೆ ಬರುವ ಬರಹಗಳ ಜೊತೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: "ಸ್ವಲ್ಪ ಕಾಗುಣಿತ, ಭಾಷೆ ಸರಿಮಾಡಿ ಹಾಕಿ ಸರ್." ಕಾಗುಣಿತ ಸರಿಮಾಡುವುದು ಸುಲಭ. ಆದರೆ ನಮ್ಮ ಅಭಿಪ್ರಾಯದಲ್ಲಿ ಅದು ಕೊನೆಯ ಕೆಲಸ. ಅದಕ್ಕೂ ಮೊದಲು ಬರಹದ ಒಂದೊಂದು ಪ್ಯಾರಾವನ್ನೂ ಹಿಡಿದು ನಿಲ್ಲಿಸಿ, "ನೀನು ಇಲ್ಲಿ ಏನು ಕೆಲಸ ಮಾಡ್ತಿದ್ದೀಯಾ?" ಎಂದು ಕೇಳಬೇಕು. ಇಂಗ್ಲಿಷ್ ಪಾಠಗಳಲ್ಲಿ ಇದನ್ನು ರಿವರ್ಸ್ ಔಟ್‌ಲೈನ್ ಅಂತಾರೆ. ನಾವು ಪ್ಯಾರಾ ಪಟ್ಟಿ ಅನ್ನೋಣ.

ಬರೆಯುವ ಮೊದಲು ಹಾಕಿಕೊಳ್ಳುವ ಟಿಪ್ಪಣಿ ಬೇರೆ, ಇದು ಬೇರೆ. ಮೊದಲಿನ ಟಿಪ್ಪಣಿಯಲ್ಲಿ ಇರುವುದು ನಾವು ಏನು ಹೇಳಬೇಕು ಅಂದುಕೊಂಡಿದ್ದೆವು ಅನ್ನೋದು. ಬರೆದು ಮುಗಿದ ಮೇಲೆ ಮಾಡುವ ಪಟ್ಟಿಯಲ್ಲಿ ಕಾಣುವುದು ಹಾಳೆಯ ಮೇಲೆ ನಿಜವಾಗಿ ಏನು ಬಂದಿದೆ ಅನ್ನೋದು. ಈ ಎರಡರ ನಡುವೆ ಬಹಳ ಸಲ ಒಂದು ಹೊಲದಷ್ಟು ಅಂತರ ಇರುತ್ತದೆ.

ಒಂದು ಉದಾಹರಣೆ ನೋಡೋಣ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತ ಬಗ್ಗೆ ಒಬ್ಬ ಯುವಕ ಬರೆದ ಒಂಬತ್ತು ಪ್ಯಾರಾಗಳ ಬರಹ ನಮ್ಮ ಕೈಗೆ ಬಂತು. ಭಾಷೆ ಚೆನ್ನಾಗಿಯೇ ಇತ್ತು, ಸಿಟ್ಟೂ ನ್ಯಾಯವಾಗಿತ್ತು. ಆದರೂ ಓದಿ ಮುಗಿಸಿದಾಗ ಏನೋ ಸಾಲದು ಅನ್ನಿಸುತ್ತಿತ್ತು. ಏನು ಅಂತ ವಾಕ್ಯಗಳನ್ನು ಎಷ್ಟು ದಿಟ್ಟಿಸಿದರೂ ಹೊಳೆಯುವುದಿಲ್ಲ. ಅವನನ್ನೇ ಕೂರಿಸಿಕೊಂಡು, ಪ್ಯಾರಾಗಳಿಗೆ ನಂಬರ್ ಹಾಕಿಸಿ, ನೋಟ್‌ಬುಕ್ಕಿನಲ್ಲಿ ಪ್ರತಿಯೊಂದರ ಕೆಲಸವನ್ನು ಒಂದೊಂದು ಸಾಲಿನಲ್ಲಿ ಬರೆಸಿದೆವು. ಬಂದದ್ದು ಇಷ್ಟು:

1. ನೀರು ಅಮೂಲ್ಯ ಎಂದು ನೆನಪಿಸುತ್ತದೆ
2. ಘಟಕ ನಾಲ್ಕು ತಿಂಗಳಿಂದ ನಿಂತಿದೆ ಎಂದು ತಿಳಿಸುತ್ತದೆ
3. ಹೆಂಗಸರು ದೂರದಿಂದ ನೀರು ಹೊರುವ ಕಷ್ಟ ಹೇಳುತ್ತದೆ
4. ಉದ್ಘಾಟನೆಯ ದಿನದ ಸಂಭ್ರಮ ನೆನೆಯುತ್ತದೆ
5. ಅಧಿಕಾರಿಗಳನ್ನು ಬೈಯುತ್ತದೆ
6. ಒಬ್ಬ ಅಜ್ಜಿಯ ಮಾತಿನಲ್ಲಿ ನೀರು ಹೊರುವ ಕಷ್ಟ ಹೇಳುತ್ತದೆ
7. ಫ್ಲೋರೈಡ್‌ನಿಂದ ಹಲ್ಲು, ಮೂಳೆಗೆ ಆಗುವ ತೊಂದರೆ ವಿವರಿಸುತ್ತದೆ
8. ಅಧಿಕಾರಿಗಳನ್ನು ಬೈಯುತ್ತದೆ
9. ಸರ್ಕಾರವನ್ನು ಬೈಯುತ್ತದೆ

ನಾವು ಏನೂ ಹೇಳಬೇಕಾಗಲಿಲ್ಲ. ಪಟ್ಟಿ ನೋಡಿ ಅವನೇ ನಕ್ಕುಬಿಟ್ಟ. "ಮೂರು ಸಲ ಬೈದಿದ್ದೀನಲ್ಲಣ್ಣ!" ಬರಹದಲ್ಲಿ ಆ ಮೂರು ಪ್ಯಾರಾಗಳ ಮಾತು ಬೇರೆ ಬೇರೆ. ಒಂದರಲ್ಲಿ ನಿರ್ಲಕ್ಷ್ಯ, ಇನ್ನೊಂದರಲ್ಲಿ ಕಣ್ಣುಮುಚ್ಚಿ ಕುಳಿತವರು, ಮತ್ತೊಂದರಲ್ಲಿ ಎಚ್ಚೆತ್ತುಕೊಳ್ಳಬೇಕಾದವರು. ಅದಕ್ಕೇ ಓದುವಾಗ ಒಂದೇ ಅಂತ ಗೊತ್ತಾಗಲಿಲ್ಲ. ಮೂರು ಮತ್ತು ಆರನೆಯವೂ ಹಾಗೇ, ಒಂದೇ ಕೊಡ ಎರಡು ಸಲ ಹೊತ್ತಂತೆ.

ಇನ್ನು ಇಲ್ಲದಿರುವುದನ್ನು ಹುಡುಕುವುದು. ನಮ್ಮ ಅನುಭವದಲ್ಲಿ ಹೆಚ್ಚು ಬೆಲೆಬಾಳುವುದು ಇದೇ. ಬರಹವನ್ನು ಪಕ್ಕಕ್ಕಿಟ್ಟು, ಬರೀ ಪಟ್ಟಿಯನ್ನು ಊರಿನ ಬಗ್ಗೆ ಏನೂ ಗೊತ್ತಿಲ್ಲದವರಂತೆ ಓದಬೇಕು. ಎರಡನೆಯ ಸಾಲು ಓದಿದ ಕೂಡಲೇ ಯಾರಾದರೂ ಕೇಳುವುದು "ಯಾಕೆ ನಿಂತಿತು?" ಅಂತ. ಒಂಬತ್ತು ಸಾಲಿನಲ್ಲಿ ಅದಕ್ಕೆ ಉತ್ತರವೇ ಇಲ್ಲ. ಘಟಕ ನೋಡಿಕೊಳ್ಳುವ ಹೊಣೆ ಯಾರದು? ಅದೂ ಇಲ್ಲ. ಪಂಚಾಯಿತಿಯವರು ಏನಂತಾರೆ? ಇಲ್ಲ. ಏಳನೆಯ ಪ್ಯಾರಾ ಫ್ಲೋರೈಡ್ ಬಗ್ಗೆ ಪಾಠ ಮಾಡುತ್ತದೆ, ಆದರೆ ಜನ ಈಗ ಕುಡಿಯುತ್ತಿರುವ ಬೋರ್‌ವೆಲ್ ನೀರಿನಲ್ಲಿ ಅದು ಎಷ್ಟಿದೆ ಅಂತ ಹೇಳುವುದಿಲ್ಲ.

ಪುನರಾವರ್ತನೆಯೂ ಈ ಖಾಲಿ ಜಾಗವೂ ಅಕ್ಕಪಕ್ಕದ ಮನೆಯವು. ಯಾಕೆ ನಿಂತಿತು ಅನ್ನುವುದು ಗೊತ್ತಿಲ್ಲದ ಕಡೆಯಲ್ಲೇ ಬೈಗುಳ ಮೂರು ಸಲ ಬಂದು ಕೂತಿದೆ. ಮಾಹಿತಿ ಇಲ್ಲದ ಜಾಗವನ್ನು ಸಿಟ್ಟು ತುಂಬಿಸುತ್ತದೆ. ಹಾಗಾಗಿ ಒಂದೇ ಕೆಲಸ ಎರಡು ಮೂರು ಸಲ ಕಂಡರೆ ಬರೀ ಕತ್ತರಿಸಿ ಕೈತೊಳೆದುಕೊಳ್ಳಬೇಡಿ, ಅಲ್ಲಿ ಯಾವ ವಿಷಯ ತಪ್ಪಿಸಿಕೊಂಡಿದೆ ಅಂತಲೂ ನೋಡಿ.

ಅವನು ಮಾರನೆಯ ದಿನ ಪಂಚಾಯಿತಿಗೆ ಹೋದ. ನಿರ್ವಹಣೆಯ ಗುತ್ತಿಗೆ ಮುಗಿದಿತ್ತು, ಹೊಸದಾಗಿ ಯಾರಿಗೂ ವಹಿಸಿರಲಿಲ್ಲ, ಒಳಗಿನ ಮೆಂಬ್ರೇನ್ ಬದಲಿಸಬೇಕಿತ್ತು. ಪಂಚಾಯಿತಿಯಲ್ಲಿದ್ದ ನೀರು ಪರೀಕ್ಷೆಯ ಕಿಟ್‌ನಲ್ಲಿ ಬೋರ್‌ವೆಲ್ ನೀರು ನೋಡಿಸಿದ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಕಿಟ್‌ನ ಬಣ್ಣ ಅದಕ್ಕಿಂತ ಹೆಚ್ಚು ತೋರಿಸಿತು. ಕಿಟ್ ಹೇಳುವುದು ಅಂದಾಜು, ಲ್ಯಾಬ್‌ಗೂ ಕಳಿಸಿದ್ದೇವೆ ಎಂದೇ ಅವನು ಬರೆದ.

ಹೊಸ ಬರಹ ಆರು ಪ್ಯಾರಾ ಆಯಿತು. ಎರಡನೆಯದು ತಲೆಗೆ ಬಂತು. ಆಮೇಲೆ ನಿಂತ ಕಾರಣ, ಅಜ್ಜಿಯ ಮಾತು, ಈಗ ಕುಡಿಯುವ ನೀರಿನ ಪರೀಕ್ಷೆ, ಪಂಚಾಯಿತಿಯ ಉತ್ತರ, ಊರಿನವರ ಬೇಡಿಕೆ. ಅಜ್ಜಿಯ ಪ್ಯಾರಾದೊಳಗೆ ಮೂರನೆಯದರ ಒಂದು ವಾಕ್ಯ ಸೇರಿತು. ಉದ್ಘಾಟನೆಯ ಸಂಭ್ರಮ ಹೋಯಿತು, ಅವನಿಗೆ ಅದೇ ಬಹಳ ಇಷ್ಟವಾಗಿತ್ತು ಪಾಪ. ಬೈಗುಳ ಮೂರೂ ಹೋದವು. ಕಾಗುಣಿತಕ್ಕೆ ಕೈಹಾಕಿದ್ದು ಆಮೇಲೆ.

ಮೊದಲೇ ವಾಕ್ಯ ತಿದ್ದಿದ್ದರೆ ಏನಾಗುತ್ತಿತ್ತು? ಹೋಗಲಿದ್ದ ಐದು ಪ್ಯಾರಾಗಳಿಗೆ ಒಂದು ಗಂಟೆ ಸುರಿಯುತ್ತಿದ್ದೆವು. ಅದಕ್ಕಿಂತ ಕೆಟ್ಟದ್ದೆಂದರೆ, ಉಜ್ಜಿ ಹೊಳಪು ಕೊಟ್ಟ ವಾಕ್ಯವನ್ನು ತೆಗೆದುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಬೇಡದ ಪ್ಯಾರಾ ಚೆಂದವಾಗಿ ಅಲ್ಲೇ ಉಳಿಯುತ್ತದೆ.

ಪಟ್ಟಿ ಮಾಡುವಾಗ ಎಡವುವುದು ಒಂದೇ ಕಡೆ. ಏಳನೆಯದಕ್ಕೆ ಅವನು ಮೊದಲು ಬರೆದದ್ದು ಬರೀ "ಫ್ಲೋರೈಡ್" ಅಂತ. ಅದು ವಿಷಯ, ಕೆಲಸ ಅಲ್ಲ. ಹೀಗೆ ಬರೆದರೆ ಒಂಬತ್ತೂ ಸಾಲು "ನೀರು, ನೀರು" ಅಂತಲೇ ಇರುತ್ತದೆ, ಏನೂ ಕಾಣುವುದಿಲ್ಲ. ಸಾಲಿನ ಕೊನೆಗೆ ಕ್ರಿಯಾಪದ ಇರಲಿ: ತಿಳಿಸುತ್ತದೆ, ಕಾರಣ ಕೊಡುತ್ತದೆ, ಸಾಕ್ಷಿ ಒದಗಿಸುತ್ತದೆ, ಎದುರಿನವರ ಮಾತು ಹೇಳುತ್ತದೆ. ಒಂದು ಪ್ಯಾರಾಕ್ಕೆ "ಮತ್ತು" ಸೇರಿಸದೆ ಸಾಲು ಬರೆಯಲಾಗದಿದ್ದರೆ ಅದರೊಳಗೆ ಎರಡು ಪ್ಯಾರಾ ಇವೆ. ಸಾಲೇ ಹೊಳೆಯದಿದ್ದರೆ ಅದಕ್ಕೆ ಕೆಲಸವೇ ಇಲ್ಲ. ಮತ್ತೆ, ನೀವು ಹೇಳಬೇಕೆಂದಿದ್ದುದನ್ನಲ್ಲ, ಅಲ್ಲಿ ಅಕ್ಷರದಲ್ಲಿ ಇರುವುದನ್ನು ಮಾತ್ರ ಬರೆಯಿರಿ. ಇದು ಕಷ್ಟ. ಸಾಧ್ಯವಾದರೆ ಗೆಳೆಯರ ಕೈಲಿ ಮಾಡಿಸಿ. ಅವರು ಬರೆದ ಸಾಲಿಗೂ ನಿಮ್ಮ ಮನಸ್ಸಿನ ಸಾಲಿಗೂ ಹೊಂದದ ಕಡೆ ತೊಂದರೆ ಇದೆ.

ಮೊಬೈಲ್‌ನಲ್ಲಿ ಬರೆಯುವವರಿಗೆ ಈ ಪಟ್ಟಿ ಇನ್ನೂ ಹೆಚ್ಚು ಬೇಕು ಅಂತ ನಾವು ವಾದಿಸುತ್ತೇವೆ. ಪರದೆಯ ಮೇಲೆ ಒಂದೋ ಎರಡೋ ಪ್ಯಾರಾ ಕಾಣುತ್ತದೆ. ಎಂಟನೆಯದು ಟೈಪ್ ಮಾಡುವಾಗ ಐದನೆಯದು ಮೇಲಕ್ಕೆ ಸರಿದು ಹೋಗಿರುತ್ತದೆ. ಪಟ್ಟಿಯನ್ನು ಮಾತ್ರ ಕಾಗದದ ಮೇಲೆ ಮಾಡಿ, ಹಳೆಯ ಲಗ್ನಪತ್ರಿಕೆಯ ಹಿಂಬದಿಯಾದರೂ ಸಾಕು. ಒಂಬತ್ತು ಪ್ಯಾರಾಕ್ಕೆ ಕಾಲುಗಂಟೆ ಹಿಡಿಯುತ್ತದೆ.

ಎಲ್ಲದಕ್ಕೂ ಇದು ಬೇಕಿಲ್ಲ. ಮೂರು ಪ್ಯಾರಾದ ಸುದ್ದಿಗೆ ಪಟ್ಟಿ ಯಾಕೆ? ಎರಡು ಸಲ ಬಂದದ್ದೆಲ್ಲ ದೋಷವೂ ಅಲ್ಲ. ತಹಶೀಲ್ದಾರರಿಗೆ ಕೊಡುವ ಮನವಿಯಲ್ಲಿ ಬೇಡಿಕೆ ಮೊದಲೂ ಕೊನೆಗೂ ಇರುವುದು ಸರಿಯೇ, ಯಾಕೆಂದರೆ ಅವರು ನಡುವಿನದನ್ನು ಓದದೆಯೂ ಇರಬಹುದು. ಇನ್ನೊಂದು, "ಕಾರಣ ಕೊಡುತ್ತದೆ" ಎಂದು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಆ ಕಾರಣ ನಿಜವೆಂದಲ್ಲ. ಗುತ್ತಿಗೆ ಮುಗಿದದ್ದು ನಿಜವೇ ಎಂದು ನೋಡಲು ಆ ಯುವಕ ಗುತ್ತಿಗೆಯ ಪ್ರತಿ ಕೇಳಿ, 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಾನೆ. ಉತ್ತರಕ್ಕೆ 30 ದಿನ ಗಡುವು.